ಜಗಳ ಹತ್ತಿದ ಗ್ರೂಪಿನಲ್ಲಿ ಅಡ್ಮಿನ್ ಬರೆಯಬೇಕಾದ ನಾಲ್ಕು ಉತ್ತರಗಳು

ಅಪಾರ್ಟ್‌ಮೆಂಟ್ ನಿವಾಸಿಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಹಣ, ನೀರು, ಪಾರ್ಕಿಂಗ್ ಅಥವಾ ಸಾಕುನಾಯಿಯ ವಿಷಯಕ್ಕೆ. ಅದು ಕಾವೇರಿದಾಗ ಅಡ್ಮಿನ್ ಆದವರು ಆ ಗಳಿಗೆಗೆ ತೋಚಿದ್ದನ್ನು ಬರೆದರೆ ಅವರೂ ಜಗಳದ ಒಂದು ಪಕ್ಷವಾಗಿಬಿಡುತ್ತಾರೆ. ಇದನ್ನು ತಪ್ಪಿಸಲು ಅನುಭವಿ ಅಡ್ಮಿನ್‌ಗಳು ಕೆಲವು ಉತ್ತರಗಳ ಅಚ್ಚನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಆ ಅಚ್ಚಿನಲ್ಲಿ ಮಾತುಗಳ ಕ್ರಮ ಮಾತ್ರ ಸ್ಥಿರ. ಜಗಳದ ವಿಷಯ, ಗಂಟೆ, ಸ್ಥಳ ಇವನ್ನು ಪ್ರತಿ ಸಲವೂ ಹೊಸದಾಗಿ ತುಂಬಬೇಕು.

ಯಾವಾಗ ಬಾಯಿ ಹಾಕಬೇಕು

ಭಿನ್ನಾಭಿಪ್ರಾಯ ಬಂದಾಗಲೆಲ್ಲ ಅಡ್ಮಿನ್ ನಡುವೆ ಬರಬೇಕಿಲ್ಲ. ಬಿಲ್ಲು ಜಾಸ್ತಿಯಾಯಿತು, ಸಮಿತಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸಂದೇಶ ಎಷ್ಟು ಖಾರವಾಗಿದ್ದರೂ ಅದು ವಿಷಯದ ಮೇಲಿನ ಮಾತು. ಅದಕ್ಕೆ ಬುದ್ಧಿ ಹೇಳಹೊರಟರೆ ಬಾಯಿ ಮುಚ್ಚಿಸುತ್ತಿದ್ದಾರೆಂಬ ಆರೋಪ ಬರುತ್ತದೆ. ಕಾವೇರಿದ್ದಕ್ಕೆ ಗುರುತುಗಳು ಬೇರೆ ಇವೆ. ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದವರು ಏಕವಚನಕ್ಕೆ ಇಳಿಯುತ್ತಾರೆ. ಹಳೆಯ ಪ್ರಸಂಗಗಳು ಮೇಲೆ ಬರುತ್ತವೆ. ಮನೆಯವರ, ಊರಿನ ಅಥವಾ ಭಾಷೆಯ ಸುದ್ದಿ ಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ಮೊದಲ ಉತ್ತರ ಹೋಗಬೇಕು.

ಮೊದಲ ಉತ್ತರ: ಎಲ್ಲರೆದುರು

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆಗೆ ಕೊಳವೆಬಾವಿ ಕೈಕೊಟ್ಟು ಟ್ಯಾಂಕರ್ ನೀರು ತರಿಸಲಾಗಿದೆ. ಇಬ್ಬರೇ ಇರುವ ಮನೆಯವರು ಬಿಲ್ಲನ್ನು ಬಳಕೆಗೆ ತಕ್ಕಂತೆ ಹಂಚಬೇಕೆನ್ನುತ್ತಾರೆ. ಆರು ಜನರಿರುವ ಮನೆಯವರು ಎಲ್ಲರಿಗೂ ಸಮನಾಗಿರಲಿ ಎನ್ನುತ್ತಾರೆ. ರಾತ್ರಿ ಒಂಬತ್ತೂವರೆಗೆ ಒಬ್ಬರು “ನಿಮಗೆ ಲೆಕ್ಕ ಬರಲ್ವಾ?” ಎಂದು ಬರೆದರೆ, ಇನ್ನೊಬ್ಬರು “ಕೇಳೋಕೆ ನೀನ್ಯಾರು?” ಎನ್ನುತ್ತಾರೆ. ಅಡ್ಮಿನ್ ಬರೆಯಬೇಕಾದದ್ದು ಹೀಗೆ:

“ಎಲ್ಲರಿಗೂ ನಮಸ್ಕಾರ. ಟ್ಯಾಂಕರ್ ಬಿಲ್ಲನ್ನು ಸಮನಾಗಿ ಹಂಚಬೇಕೋ, ಬಳಕೆಗೆ ತಕ್ಕಂತೆ ಹಂಚಬೇಕೋ ಎಂಬ ಪ್ರಶ್ನೆ ಬಂದಿದೆ. ಎರಡೂ ಅಭಿಪ್ರಾಯಗಳನ್ನು ಬರೆದುಕೊಂಡಿದ್ದೇವೆ. ಕೊನೆಯ ಕೆಲವು ಸಂದೇಶಗಳಲ್ಲಿ ವೈಯಕ್ತಿಕ ಮಾತು ಬಂದಿದೆ, ಅದು ಇಲ್ಲಿಗೆ ನಿಲ್ಲಲಿ. ಮೂರು ತಿಂಗಳ ಬಿಲ್ಲುಗಳನ್ನು ನಾಳೆ ಸಂಜೆ 6ರೊಳಗೆ ಇಲ್ಲೇ ಹಾಕುತ್ತೇವೆ. ಭಾನುವಾರ ಬೆಳಿಗ್ಗೆ 10ಕ್ಕೆ ಕ್ಲಬ್‌ಹೌಸಿನಲ್ಲಿ ಕೂತು ತೀರ್ಮಾನಿಸೋಣ.”

ಇದರಲ್ಲಿ ನಾಲ್ಕು ಕೆಲಸಗಳು ಒಂದರ ಹಿಂದೆ ಒಂದು ನಡೆದಿವೆ. ಜಗಳದ ವಿಷಯವನ್ನು ಎರಡು ಕಡೆಯವರೂ ಒಪ್ಪುವ ಮಾತಿನಲ್ಲಿ ಹೇಳಲಾಗಿದೆ. ಇಬ್ಬರ ಮಾತೂ ತಲುಪಿದೆ ಎಂದು ತಿಳಿಸಲಾಗಿದೆ; ಕೇಳಿಸಿಕೊಂಡಿಲ್ಲ ಎನಿಸಿದವರೇ ಅದನ್ನೇ ಮತ್ತೆ ಮತ್ತೆ ಜೋರಾಗಿ ಬರೆಯುವುದು. ತಪ್ಪು ಮಾತನ್ನು ಹೆಸರಿಲ್ಲದೆ ತೋರಿಸಲಾಗಿದೆ. ಕೊನೆಗೆ, ಮುಂದಿನ ಹೆಜ್ಜೆಗೆ ಗಂಟೆ ಮತ್ತು ಜಾಗ ಗೊತ್ತುಮಾಡಲಾಗಿದೆ. ಈ ನಾಲ್ಕನೆಯದನ್ನು ಬಿಟ್ಟರೆ ಉಳಿದ ಮೂರೂ ವ್ಯರ್ಥ. ವಿಷಯಕ್ಕೆ ಬೇರೆ ದಾರಿ ಕಾಣದಿದ್ದಾಗ ಜನ ಗ್ರೂಪಿಗೇ ಮರಳುತ್ತಾರೆ.

“ದಯವಿಟ್ಟು ಇಬ್ಬರೂ ಶಾಂತವಾಗಿರಿ” ಎಂಬ ಸಾಲನ್ನು ಅಚ್ಚಿನಿಂದ ದೂರವಿಡಬೇಕು. ಒಬ್ಬರೇ ಎಲ್ಲೆ ಮೀರಿದ್ದರೆ, ಸುಮ್ಮನಿದ್ದವರಿಗೂ ಅದರಿಂದ ಬೈಗುಳ ತಗುಲುತ್ತದೆ. ಹಾಗೆಯೇ ಮೊದಲ ಉತ್ತರದಲ್ಲಿ ಬಿಲ್ಲು ಹೇಗೆ ಹಂಚಬೇಕೆಂಬ ಅಡ್ಮಿನ್‌ರ ಸ್ವಂತ ಅಭಿಪ್ರಾಯ ಒಂದು ಸಾಲೂ ಇರಕೂಡದು.

ಎರಡನೆಯದು: ಒಬ್ಬೊಬ್ಬರಿಗೆ ಖಾಸಗಿಯಾಗಿ

ಎಲ್ಲರೆದುರು ಹೆಸರು ಹಿಡಿದು ತಿದ್ದಿದರೆ ಆ ವ್ಯಕ್ತಿ ಮರ್ಯಾದೆ ಉಳಿಸಿಕೊಳ್ಳಲು ಇನ್ನಷ್ಟು ವಾದಿಸುತ್ತಾರೆ. ಆದ್ದರಿಂದ ಹೆಸರಿನ ಮಾತು ಖಾಸಗಿ ಸಂದೇಶದಲ್ಲಿ ನಡೆಯಬೇಕು. ಮೊದಲು ಬೈಸಿಕೊಂಡವರಿಗೆ ಒಂದು ಸಾಲು: “ಮೇಡಂ, ಆ ಸಂದೇಶ ನೋಡಿದೆ. ಅದು ಸರಿಯಲ್ಲ, ಅವರೊಂದಿಗೆ ಮಾತಾಡುತ್ತಿದ್ದೇನೆ. ನೀವು ಗ್ರೂಪಿನಲ್ಲಿ ಉತ್ತರಿಸದಿದ್ದರೆ ಒಳ್ಳೆಯದು.” ನಂತರ ಬೈದವರಿಗೆ:

“ಸರ್, ಬಿಲ್ಲಿನ ಬಗ್ಗೆ ನೀವು ಹೇಳಿದ ಅಂಶ ಭಾನುವಾರದ ಚರ್ಚೆಗೆ ಬರುತ್ತದೆ. ‘ನೀನ್ಯಾರು’ ಎಂದಿರುವ ಆ ಒಂದು ಸಂದೇಶವನ್ನು ಮಾತ್ರ ದಯವಿಟ್ಟು ನೀವೇ ಅಳಿಸಿಬಿಡಿ.”

ಕೇಳುವುದು ಒಂದೇ ಕೆಲಸ, ಅದೂ ಸಣ್ಣದು. ಕ್ಷಮೆ ಕೇಳಿ ಎಂದು ಒತ್ತಾಯಿಸಿದರೆ ಹೊಸ ಜಗಳ ಹುಟ್ಟುತ್ತದೆ. ಕಳಿಸಿದವರು ತಮ್ಮ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸಲು ವಾಟ್ಸ್ಆ್ಯಪ್‌ನಲ್ಲಿ ಸುಮಾರು ಎರಡೂವರೆ ದಿನಗಳ ಅವಕಾಶವಿದೆ, ಹಾಗಾಗಿ ಈ ಮಾತನ್ನು ವಾರಕ್ಕೆ ಮುಂದೂಡುವಂತಿಲ್ಲ. ಅವರು ಒಪ್ಪದಿದ್ದರೆ ಅಡ್ಮಿನ್ ಅಳಿಸಬಹುದು, ಆದರೆ ಅಡ್ಮಿನ್ ಅಳಿಸಿದರೆಂಬ ಗುರುತು ಅಲ್ಲಿ ಉಳಿಯುತ್ತದೆ. ಕಾರಣ ಹೇಳದೆ ಅಳಿಸಿದರೆ ಅನುಮಾನ ಹುಟ್ಟುತ್ತದೆ. ಹಾಗಾಗಿ ಕೆಳಗೆ “ವೈಯಕ್ತಿಕ ನಿಂದನೆ ಇದ್ದ ಒಂದು ಸಂದೇಶವನ್ನು ಅಳಿಸಲಾಗಿದೆ, ಬಿಲ್ಲಿನ ಬಗೆಗಿನ ಸಂದೇಶಗಳು ಹಾಗೇ ಇವೆ” ಎಂದು ಬರೆಯಬೇಕು.

ಖಾಸಗಿ ಸಂದೇಶವೂ ಸ್ಕ್ರೀನ್‌ಶಾಟ್ ಆಗಿ ಗ್ರೂಪಿಗೆ ಬರಬಹುದು. ಬಂದರೂ ಮುಜುಗರವಾಗದಂತೆ ಬರೆಯಬೇಕು. ಒಬ್ಬರನ್ನು ಸಮಾಧಾನಪಡಿಸಲು ಇನ್ನೊಬ್ಬರನ್ನು ಹೀಗಳೆದ ಅಡ್ಮಿನ್ ಸಿಕ್ಕಿಬೀಳುವುದು ಇಲ್ಲೇ.

ಮೂರನೆಯದು: ಬಾಗಿಲು ಹಾಕುವಾಗ

ಮೊದಲ ಉತ್ತರದ ನಂತರವೂ ಬೈಗುಳ ಮುಂದುವರಿದರೆ, ಅಥವಾ ಜಗಳ ಅಡ್ಮಿನ್ ಕಡೆಗೇ ತಿರುಗಿದರೆ ಉತ್ತರ ಕೆಲಸ ಮಾಡಿಲ್ಲ ಎಂದರ್ಥ. ಆಗ ಅದನ್ನೇ ಮತ್ತೆ ಅಂಟಿಸಬಾರದು. ಗ್ರೂಪ್ ಸೆಟ್ಟಿಂಗ್‌ನಲ್ಲಿ ಅಡ್ಮಿನ್ ಮಾತ್ರ ಸಂದೇಶ ಕಳಿಸುವ ಹಾಗೆ ಬದಲಿಸಿ ಹೀಗೆ ಬರೆಯಬಹುದು:

“ಈ ಗ್ರೂಪಿನಲ್ಲಿ ನಾಳೆ ಬೆಳಿಗ್ಗೆ 8ರವರೆಗೆ ಸಂದೇಶ ಹಾಕಲು ಆಗುವುದಿಲ್ಲ. ಲಿಫ್ಟ್, ಕರೆಂಟ್, ಭದ್ರತೆಯ ತುರ್ತಿದ್ದರೆ ಗೇಟಿನ ಸೆಕ್ಯುರಿಟಿಗೆ ಕರೆ ಮಾಡಿ.”

ತೆರೆಯುವ ಗಂಟೆ ಹೇಳದೆ ಮುಚ್ಚಿದರೆ ಅತೃಪ್ತರು ಇನ್ನೊಂದು ಗ್ರೂಪ್ ಮಾಡಿಕೊಳ್ಳುತ್ತಾರೆ. ಹೇಳಿದ ಗಂಟೆಗೆ ತೆರೆಯುವುದೂ ಅಷ್ಟೇ ಮುಖ್ಯ.

ನಾಲ್ಕನೆಯದು: ಮುಗಿಸುವ ಸಂದೇಶ

ಭಾನುವಾರದ ಸಭೆ ಮುಗಿದ ದಿನವೇ ತೀರ್ಮಾನ ಗ್ರೂಪಿಗೆ ಬರಬೇಕು: “ಟ್ಯಾಂಕರ್ ಬಿಲ್ಲು ಈ ತಿಂಗಳು ಸಮನಾಗಿ. ಮೀಟರ್ ಅಳವಡಿಕೆಯ ಖರ್ಚಿನ ಅಂದಾಜು 15ನೇ ತಾರೀಖಿನೊಳಗೆ ಬರುತ್ತದೆ. ಒಪ್ಪದವರು ಸಮಿತಿಗೆ ಬರೆದು ಕೊಡಬಹುದು.” ಯಾರು ಗೆದ್ದರು, ಯಾರು ಸೋತರು ಎಂಬ ಸುಳಿವು ಅದರಲ್ಲಿ ಇರಬಾರದು. ಇದನ್ನು ಏಳು ದಿನ ಪಿನ್ ಮಾಡಿಟ್ಟರೆ ಅದೇ ಪ್ರಶ್ನೆ ಮತ್ತೆ ಬಂದಾಗ ಹೊಸದಾಗಿ ವಾದಿಸಬೇಕಿಲ್ಲ.

ಅಚ್ಚು ನಿಲ್ಲುವ ಕಡೆ

ಜಗಳದಲ್ಲಿ ಅಡ್ಮಿನ್ ಅವರದೇ ಪಾಲಿದ್ದರೆ ಅವರು ಬರೆಯಬಾರದು, ಎರಡನೆಯ ಅಡ್ಮಿನ್ ಬರೆಯಬೇಕು. ಪ್ರತಿ ಗ್ರೂಪಿಗೂ ಕನಿಷ್ಠ ಇಬ್ಬರು ಅಡ್ಮಿನ್ ಬೇಕೆನ್ನುವುದು ಇದಕ್ಕೇ. ಕೊಲೆಬೆದರಿಕೆ, ಜಾತಿನಿಂದನೆ, ಹೆಣ್ಣುಮಕ್ಕಳ ಬಗ್ಗೆ ಅಶ್ಲೀಲ ಮಾತು ಬಂದಾಗ ಸಮಾಧಾನದ ಸಂದೇಶ ಸಲ್ಲ. ಆಗ ಮೊದಲು ಗಂಟೆ ಮತ್ತು ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಸಂದೇಶ ಅಳಿಸಿ, ನೊಂದವರು ಪೊಲೀಸರಿಗೆ ದೂರು ಕೊಡಲು ಬಯಸಿದರೆ ಅದನ್ನು ಒಪ್ಪಿಸಬೇಕು.

ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಜೈಲಿಗೆ ಹೋಗಬೇಕೆಂಬ ಭಯ ಹಲವರಲ್ಲಿದೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯರ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಕಾರಣಕ್ಕಷ್ಟೇ ಅವರನ್ನು ಹೊಣೆ ಮಾಡಲಾಗದು ಎಂದಿವೆ. ಆದ್ದರಿಂದ ಭಯಕ್ಕೆ ಬಿದ್ದು ಕಂಡದ್ದನ್ನೆಲ್ಲ ಅಳಿಸುವ ಅಗತ್ಯವಿಲ್ಲ. ಬೈಗುಳವನ್ನು ತೆಗೆದು ಪ್ರಶ್ನೆಯನ್ನು ಉಳಿಸುವುದಷ್ಟೇ ಅಡ್ಮಿನ್ ಕೆಲಸ.