ಕೆಂಪು ದೀಪ ಮಿನುಗಿದಾಗ

ಫೈಬರ್ ಇಂಟರ್‌ನೆಟ್ ನಿಂತೊಡನೆ ನಾವು ಮೊದಲು ಮಾಡುವ ಕೆಲಸ ಮೋಡೆಮ್ ಆಫ್ ಮಾಡಿ ಆನ್ ಮಾಡುವುದು. ಅದಕ್ಕೂ ಮುನ್ನ LOS ಎಂದು ಬರೆದಿರುವ ದೀಪ ನೋಡಿ. ಎಲ್ಲ ಸರಿಯಿದ್ದರೆ ಅದು ಉರಿಯುವುದೇ ಇಲ್ಲ. ಕೆಂಪಗೆ ಮಿನುಗುತ್ತಿದ್ದರೆ ಎಳೆಯಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ, ಇಲ್ಲವೇ ತೀರಾ ಕ್ಷೀಣಿಸಿದೆ ಎಂದರ್ಥ. ಆಗ ಎಷ್ಟು ಸಲ ಆಫ್-ಆನ್ ಮಾಡಿದರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಬೀದಿಯಲ್ಲಿ ಕೇಬಲ್ ತುಂಡಾಗಿರಬಹುದು. ಮನೆಯೊಳಗೇ ಸೋಫಾ ಹಿಂದೆ ಮಡಚಿಕೊಂಡಿರಲೂಬಹುದು. ಗಾಜಿನ ಎಳೆ ತೀರಾ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಮಡಿಕೆ ಮೆಲ್ಲಗೆ ಬಿಡಿಸಿ ನೋಡಿ. ಕೇಬಲ್ ತುದಿ ಕಿತ್ತು ಇಣುಕಬೇಡಿ: ಒಳಗಿನ ಲೇಸರ್ ಕಣ್ಣಿಗೆ ಕಾಣದು, ಧೂಳು ಕೂತರೆ ಸಿಗ್ನಲ್ ಇನ್ನಷ್ಟು ಕೆಡುತ್ತದೆ.

LOS ಆರಿದ್ದು PON ಹಸಿರಾಗಿ ಸ್ಥಿರವಾಗಿದ್ದರೆ ಎಳೆ ಚೆನ್ನಾಗಿದೆ. ವೈಫೈ, ಬಾಕಿ ಬಿಲ್ಲು ಪರಿಶೀಲಿಸಿ. ದೂರು ಕೊಡುವಾಗ ‘ನೆಟ್ ಇಲ್ಲ’ ಎನ್ನುವ ಬದಲು ‘LOS ಕೆಂಪಾಗಿದೆ’ ಎನ್ನಿ.