ಖಾಲಿ ಬಿನ್ನೇ ಆರ್ಡರ್: ಇಆರ್‌ಪಿ ಒಳಗಿನ ಕಾನ್‌ಬಾನ್

ದುರ್ಗಿಗುಡಿಯ ಒಂದು ಮೆಡಿಕಲ್ ಶಾಪ್ ಕಲ್ಪಿಸಿಕೊಳ್ಳಿ. ಜ್ವರದ ಮಾತ್ರೆಯ ಎರಡು ಬಾಕ್ಸ್ ಇರುತ್ತೆ. ಒಂದು ಖಾಲಿಯಾದ ತಕ್ಷಣ ಅಂಗಡಿಯವರು ಆ ಖಾಲಿ ಬಾಕ್ಸನ್ನ ಕೌಂಟರ್ ಮೇಲೆ ಇಡ್ತಾರೆ. ಸಂಜೆ ಸಪ್ಲೈ ಹುಡುಗ ಬಂದಾಗ ಅದನ್ನ ನೋಡಿಯೇ ಆರ್ಡರ್ ಬರ್ಕೊಳ್ತಾನೆ. ಮುಂದಿನ ವಾರ ಎಷ್ಟು ಜನಕ್ಕೆ ಜ್ವರ ಬರುತ್ತೆ ಅಂತ ಯಾರೂ ಲೆಕ್ಕ ಹಾಕೋದಿಲ್ಲ. ಖಾಲಿಯಾಗಿದ್ದು ಮಾತ್ರ ತುಂಬುತ್ತೆ. ಅಸೆಂಬ್ಲಿ ಲೈನಿನಲ್ಲಿ ಇದೇ ಕೆಲಸ ಮಾಡೋದು ಕಾನ್‌ಬಾನ್.

ಜಪಾನಿ ಭಾಷೆಯಲ್ಲಿ ಕಾನ್‌ಬಾನ್ ಅಂದ್ರೆ ಬೋರ್ಡು, ಫಲಕ. ಟೊಯೊಟಾದ ತೈಯಿಚಿ ಓನೊ ಇದನ್ನ ಬೆಳೆಸಿದ್ದು ಅಮೆರಿಕದ ಸೂಪರ್‌ಮಾರ್ಕೆಟ್‌ಗಳ ಕ್ರಮದಿಂದ: ಗಿರಾಕಿ ತಗೊಂಡಷ್ಟನ್ನೇ ಶೆಲ್ಫಿಗೆ ಮತ್ತೆ ತುಂಬೋದು. ನಮ್ಮ ರಾಜ್ಯದಲ್ಲಿ ಟೊಯೊಟಾ ಕಾರು ತಯಾರಾಗೋದು ಬಿಡದಿಯಲ್ಲಿ. ಆದ್ರೆ ಈ ವಿಧಾನಕ್ಕೆ ಕಾರ್ ಫ್ಯಾಕ್ಟರಿಯೇ ಬೇಕು ಅಂತೇನಿಲ್ಲ. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಲೈನಿಗೂ ಸಾಕು. ಲೆಕ್ಕಕ್ಕಾಗಿ ಅಂಥದ್ದೇ ಒಂದು ಪಂಪ್‌ಸೆಟ್ ಲೈನ್ ಇಟ್ಕೊಳ್ಳೋಣ.

ಗಂಟೆಗೆ 30 ಪಂಪ್, ಒಂದೊಂದಕ್ಕೆ 8 ಬೋಲ್ಟ್. ಅಂದ್ರೆ ಗಂಟೆಗೆ 240 ಬೋಲ್ಟ್ ಬೇಕು. ಒಂದು ಬಿನ್ನಿನಲ್ಲಿ ಹಿಡಿಯೋದು ಸರಿಯಾಗಿ 240. ಬಿನ್ ಖಾಲಿ ಅಂತ ಗೊತ್ತಾದ ಮೇಲೆ ಸ್ಟೋರಿನವರು ತುಂಬಿ, ಟ್ರಾಲಿಯಲ್ಲಿ ಹಾಕಿ, ಲೈನಿಗೆ ತಂದಿಡೋಕೆ ಒಂದೂವರೆ ಗಂಟೆ. ಸುರಕ್ಷತೆಗೆ ಶೇಕಡಾ 20 ಸೇರಿಸೋಣ. ಎಷ್ಟು ಬಿನ್ ಬೇಕು ಅನ್ನೋದಕ್ಕೆ ಎಲ್ಲ ಪುಸ್ತಕದಲ್ಲೂ ಸಿಗೋ ಸೂತ್ರ ಇದು:

```
N = D × L × (1 + S) / C
  = 240 × 1.5 × 1.2 / 240
  = 1.8
```

ಹಾಗಾದ್ರೆ ಎರಡು ಬಿನ್ ಸಾಕಾ? ಇಲ್ಲೇ ಒಂದು ಸೂಕ್ಷ್ಮ ಇದೆ, ಪರೀಕ್ಷೆಗೆ ಓದುವಾಗ ನಾವು ಇದನ್ನ ದಾಟಿ ಹೋಗಿಬಿಡ್ತೀವಿ. ಟೊಯೊಟಾ ಪದ್ಧತಿಯಲ್ಲಿ ಬಿನ್ನಿನಿಂದ ಮೊದಲ ಬೋಲ್ಟ್ ತೆಗೆಯುವಾಗಲೇ ಕಾರ್ಡ್ ಕಿತ್ತು ಸ್ಟೋರಿಗೆ ಕಳಿಸ್ತಾರೆ. ಆಗ ಆ ಬಿನ್ನಿನೊಳಗಿನ ಮಾಲೂ ಲೆಕ್ಕಕ್ಕೆ ಇರುತ್ತೆ, ಹಾಗಾಗಿ ಸೂತ್ರದ ಉತ್ತರವೇ ಸರಿ. ಆದ್ರೆ ಇಆರ್‌ಪಿ ಇರೋ ಕಡೆ ಸಾಮಾನ್ಯವಾಗಿ ಬಿನ್ ಪೂರ್ತಿ ಖಾಲಿಯಾದ ಮೇಲೆ ಅದರ ಬಾರ್‌ಕೋಡ್ ಸ್ಕ್ಯಾನ್ ಮಾಡ್ತಾರೆ. ಆ ಬಿನ್ ಸ್ಟೋರಿಗೆ ಹೋಗಿ ಬರೋವರೆಗೆ ಉಳಿದ ಬಿನ್‌ಗಳೇ ಲೈನನ್ನ ಸಾಕಬೇಕು. ಹಾಗಾಗಿ ಒಂದು ಹೆಚ್ಚು ಬೇಕು: 1.8 ಅನ್ನೋದು 2 ಆಯ್ತು, ಪ್ಲಸ್ 1, ಒಟ್ಟು ಮೂರು. ಎರಡೇ ಇಟ್ಟಿದ್ರೆ ಉಳಿದ ಒಂದೇ ಬಿನ್ ಒಂದು ಗಂಟೆಗೆ ಮುಗಿಯುತ್ತೆ, ಆಮೇಲೆ ಅರ್ಧ ಗಂಟೆ ಲೈನ್ ನಿಲ್ಲುತ್ತೆ.

ಇದನ್ನ ಸ್ಯಾಪ್‌ನಲ್ಲಿ ಹಾಕೋದು ಹೇಗೆ ಅಂದ್ರೆ, ಮೊದಲು PK05ನಲ್ಲಿ ಲೈನಿನ ಪಕ್ಕದ ಜಾಗವನ್ನ ಸಪ್ಲೈ ಏರಿಯಾ ಅಂತ ಮಾಡ್ಬೇಕು, ಅದಕ್ಕೆ ಒಂದು ಸ್ಟೋರೇಜ್ ಲೊಕೇಶನ್ ಜೋಡಿಸಬೇಕು. ಆಮೇಲೆ PKMCನಲ್ಲಿ ಕಂಟ್ರೋಲ್ ಸೈಕಲ್: ಈ ಬೋಲ್ಟ್, ಈ ಸಪ್ಲೈ ಏರಿಯಾ, ಬಿನ್ 3, ಒಂದೊಂದರಲ್ಲಿ 240. ಮಾಲು ಎಲ್ಲಿಂದ ಬರುತ್ತೆ ಅಂತಲೂ ಅಲ್ಲೇ ಹೇಳ್ಬೇಕು. ಒಳಗೇ ತಯಾರಾಗುತ್ತಾ, ಹೊರಗಿಂದ ಕೊಳ್ತೀವಾ, ಅಥವಾ ನಮ್ಮ ಉದಾಹರಣೆಯ ಹಾಗೆ ಸ್ಟೋರಿಂದ ವರ್ಗಾವಣೆಯಾ. PK13N ಅನ್ನೋದು ಬೋರ್ಡ್. ಖಾಲಿ ಬಿನ್ ಕೆಂಪು, ತುಂಬಿದ್ದು ಹಸಿರು. ತುಂಬಿದ ಬಿನ್ ಲೈನಿಗೆ ತಲುಪಿ ಸ್ಕ್ಯಾನ್ ಆದಾಗ 240 ಬೋಲ್ಟ್ ಸ್ಟೋರಿನ ಲೆಕ್ಕದಿಂದ ಲೈನಿನ ಲೆಕ್ಕಕ್ಕೆ ಬರುತ್ತೆ. ಒಂದು ಪಂಪ್ ಮುಗೀತು ಅಂತ ದಾಖಲಾದಾಗ 8 ಬೋಲ್ಟ್ ತಾನಾಗಿ ಕಳೆಯುತ್ತೆ, ಇದಕ್ಕೆ ಬ್ಯಾಕ್‌ಫ್ಲಶ್ ಅಂತಾರೆ. ಸೆಟ್ಟಿಂಗ್ ಇಷ್ಟೇ, ಒಂದು ಮಧ್ಯಾಹ್ನದ ಕೆಲಸ. ತಲೆನೋವು ಇರೋದು ಸ್ಕ್ಯಾನ್ ಮಾಡೋ ಕೈಯಲ್ಲಿ.

ಮೂರರಲ್ಲಿ ಒಂದು ಬಿನ್ ಖಾಲಿ. ಉಳಿದ ಎರಡರಲ್ಲಿ 480 ಬೋಲ್ಟ್, ಅಂದ್ರೆ ಎರಡು ಗಂಟೆ. ಮಾಲು ಬರೋಕೆ ಒಂದೂವರೆ ಗಂಟೆ. ನಮ್ಮ ಹತ್ರ ಉಳಿದಿರೋದು ಅರ್ಧ ಗಂಟೆ ಮಾತ್ರ! ಈಗ ಸ್ಕ್ಯಾನರ್ ಲೈನಿನ ಆ ತುದಿಯಲ್ಲಿದೆ ಅಂದ್ಕೊಳ್ಳಿ. ಬೋಲ್ಟ್ ಬಿಗಿಯೋ ಹುಡುಗ ಎದ್ದು ಹೋದ್ರೆ ಎರಡು ಪಂಪ್ ಹಿಂದೆ ಬೀಳ್ತಾನೆ. ಅದಕ್ಕೆ ಖಾಲಿ ಬಿನ್ನನ್ನ ಕಾಲ ಹತ್ರ ಇಟ್ಕೊಂಡು, ಟೀ ಬ್ರೇಕಿಗೆ ಹೋಗುವಾಗ ಸ್ಕ್ಯಾನ್ ಮಾಡ್ತಾನೆ. ನಲವತ್ತು ನಿಮಿಷ ತಡ. ಲೈನ್ ಹತ್ತು ನಿಮಿಷ ನಿಲ್ಲುತ್ತೆ. ಆ ನಲವತ್ತು ನಿಮಿಷದಲ್ಲಿ ಸ್ಟೋರಿನವರ ಸ್ಕ್ರೀನಲ್ಲಿ ಆ ಬಿನ್ ಹಸಿರಾಗೇ ಇತ್ತು. ಅವರದ್ದೇನೂ ತಪ್ಪಿಲ್ಲ. ಆದ್ರೂ ಮೊದಲ ಬೈಗುಳ ಸ್ಟೋರಿಗೆ, ಎರಡನೇದು ಆ ಹುಡುಗನಿಗೆ. ನನ್ನ ಪ್ರಕಾರ ಬೈಯ್ಯಬೇಕಾಗಿದ್ದು ಸ್ಕ್ಯಾನರನ್ನ ಅಷ್ಟು ದೂರ ಇಟ್ಟವರಿಗೆ.

ಆಗ ಸಾಮಾನ್ಯವಾಗಿ ಮಾಡೋದು ಇನ್ನೊಂದು ಬಿನ್ ಸೇರಿಸೋದು. ಲೈನ್ ನಿಲ್ಲೋದು ನಿಲ್ಲುತ್ತೆ, ನಿಜ. ಆದ್ರೆ ತಡ ಹಾಗೇ ಉಳೀತು, ಅದರ ಮೇಲೆ 240 ಬೋಲ್ಟ್ ಮುಚ್ಚಿಬಿಟ್ವಿ ಅಷ್ಟೇ. ಬಿನ್ ಸೇರಿಸೋ ಮುಂಚೆ ಒಂದು ವಾರದ ಸ್ಕ್ಯಾನ್ ಸಮಯಗಳನ್ನ ತೆಗೆದು ನೋಡ್ಬೇಕು. ಗಂಟೆಗೊಂದು ಬಿನ್ ಖಾಲಿಯಾಗೋ ಲೈನಿನಲ್ಲಿ ಖಾಲಿ ಸ್ಕ್ಯಾನ್‌ಗಳೂ ಸುಮಾರು ಗಂಟೆಗೊಂದರಂತೆ ಬೀಳ್ಬೇಕು. ಎಲ್ಲಾ ಟೀ ಬ್ರೇಕ್, ಊಟ, ಶಿಫ್ಟ್ ಮುಗಿಯೋ ಹೊತ್ತಿಗೆ ಗುಂಪುಗುಂಪಾಗಿ ಬಿದ್ದಿದ್ರೆ, ಬಿನ್ ಖಾಲಿಯಾಗಿದ್ದು ಒಂದು ಹೊತ್ತು, ಹೇಳಿದ್ದು ಇನ್ನೊಂದು ಹೊತ್ತು ಅಂತ ಅರ್ಥ.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತೆ. ಸ್ಟೋರಿನಲ್ಲಿ ಎಣಿಸೋ ಬದಲು ಕಣ್ಣಳತೆಯಲ್ಲಿ ತುಂಬಿ, ಬಿನ್ನಿನಲ್ಲಿ 220 ಬೋಲ್ಟ್ ಮಾತ್ರ ಬಂತು ಅಂದ್ಕೊಳ್ಳಿ. ಸಿಸ್ಟಮ್ ಮಾತ್ರ 240 ಅಂತಲೇ ಬರ್ಕೊಳ್ಳುತ್ತೆ. ಬಿನ್ನಿಗೆ 20ರಂತೆ, ಶಿಫ್ಟಿಗೆ ಎಂಟು ಬಿನ್ ಅಂದ್ರೆ 160 ಇಲ್ಲದ ಬೋಲ್ಟ್ ಕಾಗದದ ಮೇಲೆ ಹುಟ್ಕೊಳ್ತವೆ. ಇದನ್ನ ಹಿಡಿಯೋಕೆ ಒಂದು ಸುಲಭದ ಉಪಾಯ ಇದೆ. ಲೈನಿನಲ್ಲಿರೋದು ಮೂರೇ ಬಿನ್. ಹಾಗಾಗಿ ಆ ಲೊಕೇಶನ್ನಿನ ಸ್ಟಾಕ್ 0 ಮತ್ತು 720ರ ಮಧ್ಯೆಯೇ ಇರ್ಬೇಕು, ದಾಖಲಾಗದ ನಾಲ್ಕೈದು ಪಂಪಿನಷ್ಟು ಆಚೀಚೆ ಆಗ್ಬಹುದು. ಸ್ಕ್ರೀನಲ್ಲಿ 1,100 ಕಂಡ್ರೆ ಅಷ್ಟು ಇಡೋಕೆ ಅಲ್ಲಿ ಜಾಗವೇ ಇಲ್ಲ. ಬಿನ್ ಕಮ್ಮಿ ತುಂಬ್ತಿದ್ದಾರೆ, ಇಲ್ಲಾ ಕೆಳಗೆ ಬಿದ್ದ ಬೋಲ್ಟ್ ಗುಡಿಸಿ ಹಾಕಿದ್ದನ್ನ ಯಾರೂ ಬರೆದಿಲ್ಲ. ಮೈನಸ್ ಕಂಡ್ರೆ ಬಿನ್ನಿಗೆ ಹೆಚ್ಚು ಹಾಕ್ತಿದ್ದಾರೆ, ಅಥವಾ ಬಂದ ಬಿನ್ ಸ್ಕ್ಯಾನ್ ಆಗ್ತಿಲ್ಲ.

ಬಿನ್ ಸಂಖ್ಯೆಯೂ ಕಲ್ಲಲ್ಲಿ ಕೆತ್ತಿದ್ದಲ್ಲ. ಬೇಸಿಗೆಯಲ್ಲಿ ಪಂಪ್ ಬೇಡಿಕೆ ಏರಿ ಗಂಟೆಗೆ 45 ಆಯ್ತು ಅಂದ್ರೆ ಬೋಲ್ಟ್ 360 ಬೇಕು. ಅದೇ ಸೂತ್ರ 2.7 ಕೊಡುತ್ತೆ, ಮೂರು ಪ್ಲಸ್ ಒಂದು ನಾಲ್ಕು. ಸೀಸನ್ ಮುಗಿದ ಮೇಲೆ ಆ ನಾಲ್ಕನೇದನ್ನ ವಾಪಸ್ ತೆಗೀಬೇಕು, ಎಲ್ಲರೂ ಮರೆಯೋದು ಇದನ್ನೇ. ತಿಂಗಳಿಗೆ ಐದೇ ಬೇಕಾಗೋ ವಿಶೇಷ ಸೀಲಿಗೆ ಮಾತ್ರ ಕಾನ್‌ಬಾನ್ ಹಾಕ್ಬಾರದು, ತುಂಬಿದ ಬಿನ್ ಸುಮ್ನೆ ಧೂಳು ತಿನ್ನುತ್ತೆ. ಅದಕ್ಕೆ ಆರ್ಡರ್ ನೋಡಿ ತರಿಸೋ ಎಂಆರ್‌ಪಿಯೇ ಸರಿ.

ಎಳೆಯೋ ಪದ್ಧತಿ ಒಗ್ಗದ ಕೆಲಸಗಳೂ ಇವೆ. ದೂರ ಹೋಗೋದು ಬೇಡ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿದ್ದೇ ಬ್ಲಾಸ್ಟ್ ಫರ್ನೇಸಿನಿಂದ. ಅಂಥ ಕುಲುಮೆಯನ್ನ ಒಂದು ಕಾರ್ಡ್ ಬಂದಾಗ ಹಚ್ಚಿ, ಬರದಿದ್ದಾಗ ಆರಿಸೋಕೆ ಆಗಲ್ಲ. ಹಗಲು ರಾತ್ರಿ ಉರೀತಾನೇ ಇರ್ಬೇಕು, ಕಬ್ಬಿಣ ಬರ್ತಾನೇ ಇರುತ್ತೆ, ಮುಂದಿನವರು ತಗೋಬೇಕು. ಅದೇ ಕಬ್ಬಿಣ ಎರಕವಾಗಿ, ಪಂಪಿನ ಬಾಡಿಯಾಗಿ ಲೈನಿಗೆ ಬಂದ ಮೇಲೆ, ಅದರ ಪಕ್ಕದ ಬೋಲ್ಟಿಗೆ ಬಿನ್ ಲೆಕ್ಕ ಶುರು.