ಕರಾರಿನ ಮುದ್ದತ್ತು ಮುಗಿದಾಗ ಮಾಲೀಕರು ಕೊಡುವ ಕಾಗದ

ಯುಗಾದಿಯಿಂದ ಯುಗಾದಿಗೆ ಆಳನ್ನು ಗೊತ್ತುಮಾಡಿಕೊಳ್ಳುವ ಪದ್ಧತಿ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಹಬ್ಬ ಬಂದಿತೆಂದರೆ ಲೆಕ್ಕ ಚುಕ್ತಾ. ಬೇಕಾದರೆ ಮತ್ತೆ ಮಾತು, ಇಲ್ಲವಾದರೆ ಅವರವರ ದಾರಿ. ಈಗ ನಮ್ಮ ಹಳ್ಳಿಗಳ ಹುಡುಗರು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಗಿರಣಿ ಅಂಗಡಿಗಳಲ್ಲಿ ವರ್ಷದ ಕರಾರಿನ ಮೇಲೆ ದುಡಿಯುತ್ತಾರೆ. ಕೆಲವು ರೈತ ಬಂಧುಗಳು ತಾವೇ ಸಣ್ಣ ಗಿರಣಿ ಹಾಕಿದ್ದಾರೆ. ಕರಾರು ಮುಗಿದಾಗ ಕೊಡುವ ಕಾಗದದ ವಿಷಯ ಇಬ್ಬರಿಗೂ ಗೊತ್ತಿರಬೇಕು.

ಈಚೆಗೆ ಒಬ್ಬ ಹುಡುಗ ಅಂಥದೊಂದು ಕಾಗದವನ್ನು ನನಗೆ ತಂದು ತೋರಿಸಿದ. “ನಿನ್ನ ಕೆಲಸ ಸರಿಯಿಲ್ಲ, ರಜೆ ಬಹಳ ಮಾಡುತ್ತೀ, ಆದುದರಿಂದ ಕರಾರು ಮುಂದುವರಿಸುವುದಿಲ್ಲ” ಎಂದು ಅದರಲ್ಲಿತ್ತು. ಮಾಲೀಕರು ಕೆಟ್ಟವರಲ್ಲ, ಮನಸ್ಸಿನಲ್ಲಿದ್ದುದನ್ನು ಬರೆದುಬಿಟ್ಟಿದ್ದಾರೆ, ಅಷ್ಟೆ. ಆದರೆ ತಪ್ಪು ಹೊರಿಸಿ ಬರೆದರೆ ಅದು ಮುದ್ದತ್ತು ಮುಗಿದ ಕಾಗದವಾಗಿ ಉಳಿಯುವುದಿಲ್ಲ. ವಿಚಾರಣೆಯಿಲ್ಲದೆ ಶಿಕ್ಷೆಯಾಗಿ ಕೆಲಸದಿಂದ ತೆಗೆದರೆಂದು ಆಳು ವಾದಿಸಲು ದಾರಿಯಾಗುತ್ತದೆ.

ಮುದ್ದತ್ತು ಮುಗಿದು ಹೋಗುವುದಕ್ಕೂ ಆಳನ್ನು ಕಡಿಮೆ ಮಾಡುವುದಕ್ಕೂ ಕಾನೂನಿನಲ್ಲಿ ಅಂತರವಿದೆ. ಒಂದು ವರ್ಷ ಸತತವಾಗಿ ದುಡಿದ ಕೆಲಸಗಾರನನ್ನು ಕಡಿಮೆ ಮಾಡಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅಷ್ಟು ಪಗಾರ ಕೊಡಬೇಕು. ಜೊತೆಗೆ ವರ್ಷಕ್ಕೆ 15 ದಿನಗಳ ಪಗಾರದಂತೆ ಪರಿಹಾರ ಕೊಡಬೇಕು. ಮುದ್ದತ್ತು ಮುಗಿದುದಾದರೆ ಈ ಪರಿಹಾರವಿಲ್ಲ. 1984ರ ತಿದ್ದುಪಡಿಯಿಂದ ಈ ನಿಯಮ ಬಂದಿತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಅದು ಇದೆ. ಆದರೆ ಕರಾರು ಬರಹದಲ್ಲಿರಬೇಕು.

ಬರಹವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಬೆಳಗಾವಿಯ ಮೊಕದ್ದಮೆಯೇ ಸಾಕ್ಷಿ. ಅಲ್ಲಿಯ ದೂರವಾಣಿ ಇಲಾಖೆ ವಿಸ್ತರಣೆಯ ಕೆಲಸಕ್ಕೆಂದು ದಿನಗೂಲಿಯವರನ್ನು ಹಚ್ಚಿ, ಕೆಲಸ ಮುಗಿಯಿತೆಂದು ಬಿಡಿಸಿತು. ನೀಲಜಕರ ಎಂಬವರ ಹೆಸರಿನ ಆ ಮೊಕದ್ದಮೆಯಲ್ಲಿ 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಲಾಖೆಯ ವಾದವನ್ನು ಒಪ್ಪಲಿಲ್ಲ. ಕೆಲಸ ಇಂತಿಷ್ಟೇ ಕಾಲದ್ದೆಂದು ಸೇರುವಾಗಲೇ ಆಳಿಗೆ ತಿಳಿಸಿರಬೇಕು, ಕರಾರೂ ಹಾಗೆಯೇ ಇರಬೇಕು ಎಂದಿತು. ಇಲಾಖೆ ಅದನ್ನು ರುಜುವಾತು ಮಾಡಿರಲಿಲ್ಲ. ಸರ್ಕಾರದ ಇಲಾಖೆಗೇ ಸಿಗದ ವಿನಾಯಿತಿ ನಮ್ಮ ಗಿರಣಿಗೆಲ್ಲಿಂದ ಸಿಕ್ಕೀತು?

ಇನ್ನು ಕಾಗದ ಹೇಗಿರಬೇಕೆಂದು ನೋಡೋಣ. 14 ಜನ ದುಡಿಯುವ ಒಂದು ಎಣ್ಣೆ ಗಿರಣಿ. ಒಬ್ಬನ ಕರಾರು 2026ರ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಂದು ಇಟ್ಟುಕೊಳ್ಳಿರಿ. ಮಾಲೀಕರು ಡಿಸೆಂಬರ್ 1ರಂದು ಹೀಗೆ ಬರೆಯಬಹುದು:

“ದಿನಾಂಕ 1-1-2026ರ ಬರಹದ ಕರಾರಿನಂತೆ ತಮ್ಮ ಕೆಲಸದ ಮುದ್ದತ್ತು 31-12-2026ಕ್ಕೆ ಮುಗಿಯುತ್ತದೆ. ಆ ಬಳಿಕ ಕರಾರನ್ನು ನವೀಕರಿಸುವುದಿಲ್ಲ. ಡಿಸೆಂಬರ್ ಪಗಾರ, ಉಳಿದ ರಜೆಯ ಹಣ ಮತ್ತು ಗ್ರಾಚ್ಯುಟಿಯನ್ನು ತಮ್ಮ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುವುದು. ಕೆಲಸ ಮಾಡಿದ ಬಗ್ಗೆ ಸೇವಾಪತ್ರವನ್ನು ಅಂದೇ ಕೊಡಲಾಗುವುದು.”

ಇಷ್ಟೇ ಸಾಕು. ಕಾರಣ ಬರೆಯಬೇಕಾಗಿಲ್ಲ. ಕರಾರಿನಲ್ಲಿಯೇ ಮುಂಚಿತವಾಗಿ ಇಷ್ಟು ದಿನ ತಿಳಿಸಬೇಕೆಂದು ಇದ್ದರೆ ಮಾತ್ರ ಆ ದಿನಗಳನ್ನು ಎಣಿಸಿ ಕೊಡಬೇಕು. ಒಂದು ಪ್ರತಿಯ ಮೇಲೆ “ಮುಟ್ಟಿತು” ಎಂದು ಆಳಿನ ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಸಹಿ ಮಾಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಮೊದಲಿನ ರಿಜಿಸ್ಟರ್ ಅಂಚೆ 2025ರ ಸೆಪ್ಟೆಂಬರಿನಲ್ಲಿ ಅದರೊಳಗೇ ಸೇರಿಹೋಗಿದೆ. ಆಳು ಸಹಿ ಮಾಡಿದರೆ ಕಾಗದ ಮುಟ್ಟಿತೆಂದಷ್ಟೇ ಅರ್ಥ, ಹಕ್ಕು ಬಿಟ್ಟುಕೊಟ್ಟಂತಲ್ಲ. ಖಾಲಿ ಕಾಗದಕ್ಕೆ ಮಾತ್ರ ಸಹಿ ಹಾಕಕೂಡದು.

ಗ್ರಾಚ್ಯುಟಿಯ ಮಾತು ಹಲವರಿಗೆ ಹೊಸದು. ಐದು ವರ್ಷ ಆಗಲೇಬೇಕೆಂಬ ತಿಳುವಳಿಕೆ ಇನ್ನೂ ಹೋಗಿಲ್ಲ. ಮುದ್ದತ್ತಿನ ಕರಾರಿನವರಿಗೆ ಹೊಸ ಸಂಹಿತೆಯಂತೆ ಒಂದು ವರ್ಷ ಸಾಕು. ಲೆಕ್ಕಕ್ಕೆ ಹಿಡಿಯುವ ತಿಂಗಳ ಪಗಾರ 15,600 ರೂಪಾಯಿ ಇದ್ದರೆ 26ರಿಂದ ಭಾಗಿಸಿರಿ, 600 ಬರುತ್ತದೆ. ಅದನ್ನು 15ರಿಂದ ಗುಣಿಸಿದರೆ 9,000 ರೂಪಾಯಿ. ಇದನ್ನು 30 ದಿನಗಳೊಳಗೆ ಕೊಡಬೇಕು. ಮೇಲೆ ಹೇಳಿದ ಹುಡುಗನ ಕಾಗದದಲ್ಲಿ ಈ ಹಣದ ಹೆಸರೇ ಇರಲಿಲ್ಲ.

ಒಂದು ಎಚ್ಚರಿಕೆ. ಡಿಸೆಂಬರ್ 31ಕ್ಕೆ ಮುದ್ದತ್ತು ಮುಗಿದರೂ “ಶೇಂಗಾ ಬಂದಿದೆ, ಇನ್ನೆರಡು ವಾರ ಬಾ” ಎಂದು ಬಾಯಿಮಾತಿನಲ್ಲಿ ದುಡಿಸಿಕೊಂಡರೆ ಮೊದಲಿನ ಕಾಗದದ ಬಲ ಕುಂದುತ್ತದೆ. ಎರಡು ವಾರ ಬೇಕಾದರೆ ಆ ಎರಡು ವಾರಕ್ಕೂ ಬರಹದ ಕರಾರು ಮಾಡಿಕೊಳ್ಳಬೇಕು. ವರ್ಷದುದ್ದಕ್ಕೂ ಇರುವ ಒಂದೇ ಕೆಲಸಕ್ಕೆ ತುಂಡು ತುಂಡು ಕರಾರು ಬರೆಯಿಸಿ, ನಡುವೆ ನಾಲ್ಕು ದಿನ ಮನೆಗೆ ಕಳಿಸುವುದೂ ಕೆಲವು ಕಡೆ ಉಂಟು. ಅಂಥ ಕರಾರನ್ನು ನ್ಯಾಯಾಲಯ ಬರಿಯ ನೆಪವೆಂದು ತಳ್ಳಿಹಾಕಬಹುದು.

ಹಣ ಬರದಿದ್ದರೆ, ಅಥವಾ ಮುದ್ದತ್ತಿಗೆ ಮೊದಲೇ ಬಿಡಿಸಿದರೆ, ಕರಾರು, ನೋಟೀಸು ಮತ್ತು ಪಗಾರ ಜಮಾ ಆದ ಪಾಸ್‌ಬುಕ್ಕಿನ ಪ್ರತಿಗಳೊಂದಿಗೆ ಗದಗಿನ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅರ್ಜಿ ಕೊಡತಕ್ಕದ್ದು. ಕೆಲಸದಿಂದ ತೆಗೆದ ತಂಟೆಗೆ ಎರಡು ವರ್ಷಗಳ ಗಡುವಿದೆ.